ಜಾಲತಾಣ ಇದೆ, ಹುಡುಕಿದರೆ ಸಿಗುತ್ತಿಲ್ಲ

ಕನ್ನಡದ ಹಳೆಯ ಜಾಲತಾಣಗಳು ಎರಡು ಕಂತಿನಲ್ಲಿ ಕಳೆದುಹೋಗುತ್ತಿವೆ. ಮೊದಲ ಕಂತಿನಲ್ಲಿ ಅವು ಹುಡುಕಾಟದ ಫಲಿತಾಂಶದಿಂದ ಜಾರುತ್ತವೆ. ತಾಣ ಎಲ್ಲಿತ್ತೋ ಅಲ್ಲೇ ಇರುತ್ತದೆ, ವಿಳಾಸ ಬರೆದು ಒತ್ತಿದರೆ ತೆರೆದುಕೊಳ್ಳುತ್ತದೆ, ಆದರೆ ಗೂಗಲ್ ಅದನ್ನು ತೋರಿಸುವುದಿಲ್ಲ. ಇದು ಯಾರ ಗಮನಕ್ಕೂ ಬರುವುದಿಲ್ಲ. ಹೀಗೆ ಕೆಲವು ವರ್ಷ ಕಳೆಯುವಷ್ಟರಲ್ಲಿ ಓದುಗರು ಬರುವುದು ನಿಲ್ಲುತ್ತದೆ, ನಡೆಸುವವರಿಗೂ ಬೇಸರ ಬರುತ್ತದೆ, ಡೊಮೇನ್ ನವೀಕರಣದ ಇಮೇಲ್ ಯಾರೂ ತೆರೆಯದ ಪೆಟ್ಟಿಗೆಗೆ ಬಂದು ಬೀಳುತ್ತದೆ. ಎರಡನೆಯ ಕಂತಿನಲ್ಲಿ ತಾಣವೇ ಇಲ್ಲವಾಗುತ್ತದೆ.

2000ರ ದಶಕದಲ್ಲಿ ಹುಟ್ಟಿದ ಸಣ್ಣ ಪತ್ರಿಕೆಗಳ, ಸಾಹಿತ್ಯ ಸಂಘಗಳ, ಹೊರನಾಡಿನ ಕನ್ನಡ ಕೂಟಗಳ ಅನೇಕ ತಾಣಗಳು ಈಗ ಈ ಎರಡು ಕಂತುಗಳ ನಡುವೆ ನಿಂತಿವೆ. ಉಳಿಸಿಕೊಳ್ಳಲು ಸಾಧ್ಯವಿರುವುದು ಈ ನಡುವಿನ ಅವಧಿಯಲ್ಲಿ ಮಾತ್ರ. ಆದ್ದರಿಂದಲೇ ಈ ಎಚ್ಚರಿಕೆಯನ್ನು ಈಗಲೇ ಬರೆಯುತ್ತಿದ್ದೇವೆ.

ಬಸ್ ನಿಲ್ದಾಣದ ವೇಳಾಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಊರೇ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಜಾಲತಾಣದ ವಿಷಯಕ್ಕೆ ಬಂದಾಗ ಮಾತ್ರ ನಾವೆಲ್ಲ ಹಾಗೆಯೇ ಮಾತಾಡುತ್ತೇವೆ. ‘ಗೂಗಲ್ ಮಾಡಿದೆ, ಸಿಗಲಿಲ್ಲ, ಮುಚ್ಚಿರಬೇಕು’ ಎಂದು ಕೈ ತೊಳೆದುಕೊಳ್ಳುತ್ತೇವೆ. ಒಂದು ಪುಟ ಫಲಿತಾಂಶದಲ್ಲಿ ಕಾಣಬೇಕಾದರೆ ಮೂರು ಕೆಲಸ ಆಗಿರಬೇಕು. ಸರ್ಚ್ ಎಂಜಿನ್ನಿನ ಕ್ರಾಲರ್ ಎಂಬ ತಂತ್ರಾಂಶ ಯಾವುದಾದರೂ ಕೊಂಡಿ ಹಿಡಿದು ಆ ಪುಟಕ್ಕೆ ಬಂದು ತಲುಪಬೇಕು. ಅಲ್ಲಿರುವ ಅಕ್ಷರಗಳನ್ನು ಓದಿ, ಇದು ಇಂಥ ವಿಷಯದ ಪುಟ ಎಂದು ತನ್ನ ಸೂಚಿಗೆ ಸೇರಿಸಿಕೊಳ್ಳಬೇಕು. ಆಮೇಲೆ ನಾವು ಟೈಪಿಸಿದ ಪದ ಸೂಚಿಯಲ್ಲಿರುವ ಪದಕ್ಕೆ ಹೊಂದಬೇಕು. ಈ ಮೂರರಲ್ಲಿ ಎಲ್ಲಿ ಕೊಂಡಿ ಕಳಚಿದರೂ ನಮ್ಮ ಕಣ್ಣಿಗೆ ಕಾಣುವುದು ಒಂದೇ: ಏನೂ ಸಿಗಲಿಲ್ಲ. ಎಲ್ಲಿ ಕಳಚಿದೆ ಎಂಬುದನ್ನು ಪತ್ತೆಹಚ್ಚದೆ ಹುಡುಕುವ ದಾರಿಯೂ ತಿಳಿಯುವುದಿಲ್ಲ, ಸರಿಪಡಿಸುವ ದಾರಿಯೂ ತಿಳಿಯುವುದಿಲ್ಲ.

ಒಂದು ಮಾದರಿ ಇಟ್ಟುಕೊಂಡು ನೋಡೋಣ. ಮಲೆನಾಡಿನ ಒಂದು ತಾಲ್ಲೂಕಿನಿಂದ ಬರುತ್ತಿದ್ದ ತ್ರೈಮಾಸಿಕ ಪತ್ರಿಕೆ ಎಂದಿಟ್ಟುಕೊಳ್ಳಿ. 2003ರಲ್ಲಿ ಊರಿನ ಡಿಟಿಪಿ ಅಂಗಡಿಯ ಹುಡುಗ ಸಂಪಾದಕರಿಗೆ ಒಂದು ತಾಣ ಮಾಡಿಕೊಟ್ಟ. ಅಚ್ಚಿಗೆಂದು ನುಡಿಯಲ್ಲಿ ಟೈಪಾಗಿದ್ದ ಬರಹಗಳನ್ನೇ ಪುಟಗಳಾಗಿ ಏರಿಸಿದ. 2014ರಲ್ಲಿ ಇನ್ನೊಬ್ಬರು ವರ್ಡ್‌ಪ್ರೆಸ್‌ನಲ್ಲಿ, ಯುನಿಕೋಡ್ ಕನ್ನಡದಲ್ಲಿ ಹೊಸ ವಿನ್ಯಾಸ ಮಾಡಿದರು. ಹಳೆಯ ಪುಟಗಳನ್ನು ಅಳಿಸಲಿಲ್ಲ, ಸರ್ವರಿನಲ್ಲೇ ಬಿಟ್ಟರು. ಈಗ ಸಂಪಾದಕರಿಲ್ಲ. ಮಗ ವರ್ಷವರ್ಷ ಡೊಮೇನಿಗೆ ದುಡ್ಡು ಕಟ್ಟುತ್ತಾನೆ, ಅಷ್ಟೇ. ತಾಣದ ವಿಳಾಸ `example.org` ಎಂದುಕೊಳ್ಳೋಣ. ಅದರಲ್ಲಿ 2005ರಲ್ಲಿ ಬಂದ ‘ಕೆರೆಯ ದಾರಿ’ ಎಂಬ ಕತೆ ಒಬ್ಬ ಓದುಗರಿಗೆ ಬೇಕು. ಪತ್ರಿಕೆಯ ಹೆಸರು, ಕತೆಯ ಹೆಸರು ಎರಡನ್ನೂ ಟೈಪಿಸಿ ಹುಡುಕುತ್ತಾರೆ. ಏನೂ ಇಲ್ಲ.

ಮೊದಲು ನೋಡಬೇಕಾದದ್ದು ಸರ್ಚ್ ಎಂಜಿನ್ನಿನ ಬಳಿ ಆ ತಾಣದ್ದು ಏನಿದೆ ಎಂಬುದನ್ನು. ಹುಡುಕುವ ಪೆಟ್ಟಿಗೆಯಲ್ಲಿ ಹೀಗೆ ಬರೆಯಬೇಕು:

```
site:example.org
```

ಕೋಲನ್‌ನ ನಂತರ ಜಾಗ ಬಿಡಬಾರದು. ನಮ್ಮ ಮಾದರಿಯಲ್ಲಿ ಮೂರೇ ಫಲಿತಾಂಶ ಬಂತೆನ್ನಿ. ಮೂರೂ ಹಳೆಯ ತಾಣದ ಇಂಗ್ಲಿಷ್ ಪುಟಗಳು: ಸಂಪರ್ಕ ವಿಳಾಸ, ಚಂದಾ ವಿವರ, ಪತ್ರಿಕೆಯ ಪರಿಚಯ. ಈ ಪಟ್ಟಿ ಯಾವಾಗಲೂ ಪೂರ್ತಿಯಾಗಿರುತ್ತದೆ ಎಂಬ ಖಾತರಿಯನ್ನು ಗೂಗಲ್ ಕೊಡುವುದಿಲ್ಲ. ಆದರೂ ಇಷ್ಟರಿಂದ ಒಂದು ಮುಖ್ಯ ಸಂಗತಿ ಗೊತ್ತಾಗುತ್ತದೆ. ಕ್ರಾಲರ್ ತಾಣದೊಳಗೆ ಬಂದಿತ್ತು, ಇಂಗ್ಲಿಷ್ ಪುಟ ಓದಿಕೊಂಡು ಹೋಗಿದೆ. ಹಾಗಿದ್ದರೆ ಕನ್ನಡದ ಪುಟಗಳಿಗೆ ಏನಾಯಿತು?

ಉತ್ತರ ಆ ಪುಟಗಳ ಅಕ್ಷರಗಳಲ್ಲಿದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಮೊದಲಿನಿಂದಲೂ ಸ್ವಂತ ಜಾಗ ಇತ್ತು. ಆದರೆ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಕೈಗೆ ಸಿಕ್ಕಿದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಬಂದ ಮೇಲೆ. ಅದಕ್ಕೆ ಮುಂಚೆಯೂ, ಎಷ್ಟೋ ವರ್ಷ ಆಮೇಲೂ, ನಮ್ಮ ಡಿಟಿಪಿ ಲೋಕ ನಡೆದದ್ದು ನುಡಿ, ಬರಹ, ಶ್ರೀಲಿಪಿಗಳ ಫಾಂಟುಗಳ ಮೇಲೆ. ಆ ಫಾಂಟುಗಳ ಉಪಾಯ ಸರಳ. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು ರೋಮನ್ ಅಕ್ಷರ ಮತ್ತು ಯುರೋಪಿನ ಚಿಹ್ನೆಗಳು. ಆ ಚಿಹ್ನೆಗಳ ಮುಖ ಮಾತ್ರ ಕನ್ನಡದ್ದು. ಫಾಂಟು ಇದ್ದರೆ ಕಾಗುಣಿತ ಕಾಣುತ್ತದೆ, ಫಾಂಟು ತೆಗೆದರೆ ಕಾಣುವುದು ಇದು:

```
ಕನ್ನಡ        →  PÀ£ÀßqÀ
ಕೆರೆಯ ದಾರಿ   →  PÉgÉAiÀÄ zÁj
```

ಕ್ರಾಲರಿಗೆ ಫಾಂಟು ಬೇಕಿಲ್ಲ, ಅದು ಒಳಗಿನ ಅಕ್ಷರಗಳನ್ನೇ ಓದುತ್ತದೆ. ಅದರ ಪಾಲಿಗೆ ನಮ್ಮ ತ್ರೈಮಾಸಿಕದ ಸಂಚಿಕೆಗಳು ಯಾವ ಭಾಷೆಗೂ ಸೇರದ ಗೊಂದಲ. ಅವನ್ನು ಸೂಚಿಗೆ ಸೇರಿಸಿಕೊಳ್ಳದೆಯೂ ಬಿಡಬಹುದು. ಸೇರಿಸಿಕೊಂಡರೂ ‘ಕೆರೆಯ ದಾರಿ’ ಎಂದು ನಾವು ಯುನಿಕೋಡ್‌ನಲ್ಲಿ ಕೇಳಿದ್ದಕ್ಕೂ ಅಲ್ಲಿರುವುದಕ್ಕೂ ಒಂದಕ್ಷರದ ಹೋಲಿಕೆಯೂ ಇರುವುದಿಲ್ಲ. ಇದು ಗೂಗಲ್ ಕನ್ನಡಕ್ಕೆ ಮಾಡಿದ ಅನ್ಯಾಯ ಎಂದು ಕೆಲವರು ಸಿಟ್ಟಾಗುವುದುಂಟು. ಈ ವಿಷಯದಲ್ಲಿ ಆ ಸಿಟ್ಟಿಗೆ ಆಧಾರವಿಲ್ಲ. ಆ ಪುಟಗಳಲ್ಲಿ ಕನ್ನಡ ಕಾಣಿಸುತ್ತಿತ್ತು, ಇರಲಿಲ್ಲ.

ಪರೀಕ್ಷೆ ಅರ್ಧ ನಿಮಿಷದ್ದು. ಪುಟದ ಅಥವಾ ಪಿಡಿಎಫ್‌ನ ಒಂದು ಸಾಲನ್ನು ಆಯ್ಕೆ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಅದು ಯುನಿಕೋಡ್, ತೊಂದರೆ ಬೇರೆಲ್ಲೋ ಇದೆ. ಮೇಲಿನಂಥ ಗೀಚು ಬಂದರೆ ಹಳೆಯ ಫಾಂಟು. ಸಾಲು ಆಯ್ಕೆಯೇ ಆಗದೆ ಇಡೀ ಪುಟ ಒಂದು ಚಿತ್ರದಂತೆ ಹಿಡಿಗೆ ಸಿಕ್ಕರೆ ಅದು ಸ್ಕ್ಯಾನ್ ಮಾಡಿದ ಪುಟ, ಅದರಲ್ಲಿ ಅಕ್ಷರಗಳೇ ಇಲ್ಲ. ಸರ್ಕಾರಿ ಇಲಾಖೆಗಳ ತಾಣಗಳಲ್ಲಿರುವ ಆದೇಶ, ಸುತ್ತೋಲೆಗಳನ್ನು ಹೀಗೆ ಪರೀಕ್ಷಿಸಿ ನೋಡಿ. ಈ ಮೂರೂ ಜಾತಿ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಸಿಗುತ್ತವೆ. ಹತ್ತು ವರ್ಷ ಹಿಂದಿನ ಆದೇಶ ಕನ್ನಡದಲ್ಲಿ ಹುಡುಕಿದರೆ ಯಾಕೆ ಬರುವುದಿಲ್ಲ ಎಂಬುದಕ್ಕೆ ಅಲ್ಲೇ ಉತ್ತರ ಇರುತ್ತದೆ.

ಹೀಗಿದ್ದರೂ ಹಳೆಯ ಫಾಂಟಿನ ಪುಟಗಳನ್ನು ಹುಡುಕಲು ಒಂದು ಓಣಿ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಗೀಚನ್ನು ಗೀಚಿನಿಂದಲೇ ಹುಡುಕಬಹುದು. ಯುನಿಕೋಡ್ ಪದವನ್ನು ಹಳೆಯ ಆಸ್ಕಿ ರೂಪಕ್ಕೆ ಬದಲಿಸುವ ಪರಿವರ್ತಕಗಳಿವೆ. ಅದರಲ್ಲಿ ಬಂದ `PÉgÉAiÀÄ zÁj` ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಿದರೆ, ಸೂಚಿಗೆ ಸೇರಿರುವ ಹಳೆಯ ಪುಟ ಅಥವಾ ಪಿಡಿಎಫ್ ಸಿಗುವ ಸಾಧ್ಯತೆ ಇದೆ. ಇದು ಪ್ರತಿ ಸಲ ನಡೆಯುವುದಿಲ್ಲ. ‘ನ’ ಅಕ್ಷರಕ್ಕೆ ಬಳಕೆಯಾದ ಪೌಂಡ್ ಚಿಹ್ನೆಯಂಥವನ್ನು ಸರ್ಚ್ ಎಂಜಿನ್ನುಗಳು ಅಕ್ಷರವೆಂದು ಎಣಿಸದೆ ಬಿಡಬಹುದು, ಆಗ ಪದ ಎರಡು ತುಂಡಾಗುತ್ತದೆ. ಆದ್ದರಿಂದ ಅಂಥ ಚಿಹ್ನೆ ಬಾರದ ಪದಗಳನ್ನು ಆರಿಸಿಕೊಳ್ಳುವುದು ಮೇಲು. ಇನ್ನೂ ನಂಬಬಹುದಾದದ್ದು ಅಂಕಿಗಳು. ಆ ಫಾಂಟುಗಳಲ್ಲಿ ಅಂಕಿಯ ಮುಖ ಹೇಗೇ ಕಾಣಲಿ, ಒಳಗೆ ಅದು ಅಂಕಿಯಾಗಿಯೇ ಉಳಿದಿರುತ್ತದೆ. ಆದೇಶ ಸಂಖ್ಯೆ, ದಿನಾಂಕ, ಸರ್ವೆ ನಂಬರು, ಜೊತೆಗೆ ನಡುವೆ ಬಂದ ಇಂಗ್ಲಿಷ್ ಪದ ಇವುಗಳನ್ನು ಹಿಡಿದು ಹುಡುಕಿದರೆ ಕನ್ನಡ ಪದ ಹಿಡಿದು ಸಿಗದ ಕಡತ ಎಷ್ಟೋ ಸಲ ಸಿಗುತ್ತದೆ.

ಇಷ್ಟು ಹಳೆಯ ಅರ್ಧದ ಕತೆ. 2014ರ ನಂತರದ್ದೆಲ್ಲ ಯುನಿಕೋಡ್ ತಾನೆ, ಅದಾದರೂ ಯಾಕೆ ಬರಲಿಲ್ಲ? ಇಲ್ಲಿ ಕಾರಣ ಪೂರಾ ಬೇರೆ. ವರ್ಡ್‌ಪ್ರೆಸ್‌ನ ಓದುವಿಕೆಯ ಸೆಟ್ಟಿಂಗಿನಲ್ಲಿ `Discourage search engines from indexing this site` ಎಂಬ ಒಂದು ಚೌಕ ಇದೆ. ತಾಣ ಕಟ್ಟುವಾಗ ಅರೆಬರೆ ಪುಟಗಳು ಹೊರಗೆ ಕಾಣದಿರಲಿ ಎಂದು ವಿನ್ಯಾಸಕರು ಅದಕ್ಕೆ ಗುರುತು ಹಾಕುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯುವುದನ್ನು ಮರೆಯುತ್ತಾರೆ. ಆಗ ಪ್ರತಿ ಪುಟದ ತಲೆಯಲ್ಲಿ ಕಣ್ಣಿಗೆ ಕಾಣದಂತೆ ಈ ಸಾಲು ಕೂತಿರುತ್ತದೆ:

```
<meta name='robots' content='noindex, nofollow' />
```

ಪುಟದ ಮೇಲೆ ಬಲಗುಂಡಿ ಒತ್ತಿ, ಮೂಲವನ್ನು ತೆರೆದು, `noindex` ಎಂದು ಹುಡುಕಿದರೆ ತಿಳಿಯುತ್ತದೆ. ನಮ್ಮ ಮಾದರಿಯಲ್ಲಿ ಈ ಗುರುತು ಹತ್ತು ವರ್ಷ ಹಾಗೇ ಉಳಿದಿತ್ತು. ಅಂದರೆ ತಾಣವೇ ‘ನನ್ನನ್ನು ಸೇರಿಸಿಕೊಳ್ಳಬೇಡ’ ಎಂದು ಹೇಳುತ್ತಿತ್ತು, ಗೂಗಲ್ ಅದನ್ನು ಪಾಲಿಸಿತು.

ಇದರ ಜೊತೆಗೆ ಇನ್ನೊಂದು ಕಡತವನ್ನು ನೋಡಬೇಕು. ವಿಳಾಸದ ಮುಂದೆ `/robots.txt` ಎಂದು ಸೇರಿಸಿ ಒತ್ತಿದರೆ ಬರುವ ಸಣ್ಣ ಪುಟ ಅದು. ಅದರಲ್ಲಿ ಹೀಗಿದ್ದರೆ ಇಡೀ ತಾಣಕ್ಕೆ ಕ್ರಾಲರುಗಳು ಬರಬಾರದು ಎಂದು ಅರ್ಥ:

```
User-agent: *
Disallow: /
```

ಕೊನೆಯ ಆ ಒಂದು ಓರೆಗೆರೆಯ ಮೇಲೆ ಎಲ್ಲವೂ ನಿಂತಿದೆ. ಅದಿಲ್ಲದೆ `Disallow:` ಎಂದು ಖಾಲಿ ಬಿಟ್ಟಿದ್ದರೆ ಯಾವ ತಡೆಯೂ ಇಲ್ಲ. ಇಲ್ಲಿ ಒಂದು ತಮಾಷೆಯ ಗೋಜಲಿದೆ. ಈ ಕಡತದಿಂದ ಕ್ರಾಲರನ್ನು ತಡೆದರೆ ಅದು ಪುಟವನ್ನು ತೆರೆಯುವುದೇ ಇಲ್ಲ, ಹಾಗಾಗಿ ಒಳಗಿರುವ `noindex` ಅದಕ್ಕೆ ಕಾಣುವುದೇ ಇಲ್ಲ. ಬೇರೆ ಕಡೆಯಿಂದ ಕೊಂಡಿ ಇದ್ದರೆ, ವಿವರವಿಲ್ಲದ ಬರಿಯ ವಿಳಾಸ ಫಲಿತಾಂಶದಲ್ಲಿ ಬಂದುಬಿಡಬಹುದು. ಮುಚ್ಚಿಡಬೇಕೆಂದವರು ತೆರೆದಿಡುವುದೂ, ತೆರೆದಿಡಬೇಕೆಂದವರು ಮುಚ್ಚಿಡುವುದೂ ಹೀಗೇ ಆಗುತ್ತದೆ.

ಮೂರನೆಯ ಕಾರಣವೂ ಅದೇ ತಾಣದಲ್ಲಿದೆ. ಹೊಸ ವಿನ್ಯಾಸದ ಮುಖಪುಟದಿಂದ 2003–2014ರ ಪುಟಗಳಿಗೆ ಒಂದೇ ಒಂದು ಕೊಂಡಿ ಇಲ್ಲ. ಕ್ರಾಲರ್ ಕೊಂಡಿಯಿಂದ ಕೊಂಡಿಗೆ ನಡೆಯುವಂಥದ್ದು. ಯಾರೂ ಕೊಂಡಿ ಕೊಡದ ಪುಟಕ್ಕೆ ಅದು ಮತ್ತೆ ಮತ್ತೆ ಬರಬೇಕಾದ ಕಾರಣವಿಲ್ಲ. ಅಲ್ಲದೆ ತನಗೆ ಗೊತ್ತಿರುವ ಪ್ರತಿ ಪುಟವನ್ನೂ ಇಟ್ಟುಕೊಳ್ಳುತ್ತೇನೆ ಎಂದು ಗೂಗಲ್ ಎಂದೂ ಮಾತು ಕೊಟ್ಟಿಲ್ಲ. ತಾಣದ ಒಡೆಯರಿಗೆ ಅದು ಕೊಡುವ ಸರ್ಚ್ ಕನ್ಸೋಲ್ ಎಂಬ ವರದಿಯಲ್ಲಿ `Crawled - currently not indexed` ಎಂಬ ಒಂದು ಸಾಲೇ ಇದೆ. ಬಂದೆ, ನೋಡಿದೆ, ಸದ್ಯಕ್ಕೆ ಸೇರಿಸಿಕೊಂಡಿಲ್ಲ ಎಂದಷ್ಟೇ ಅದರ ಮಾತು. ತಿಂಗಳುಗಟ್ಟಲೆ ಬದಲಾಗದ, ಯಾರೂ ಉಲ್ಲೇಖಿಸದ ಸಣ್ಣ ತಾಣ ಈ ಸಾಲಿನಲ್ಲಿ ಬಹಳ ಕಾಲ ಕಾಯುತ್ತಿರಬೇಕಾಗುತ್ತದೆ.

ನಮ್ಮ ಮಾದರಿಯಲ್ಲಿಲ್ಲದ, ಆದರೆ ಹೊರದೇಶದ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಕಾರಣ ಇನ್ನೊಂದಿದೆ. ಭದ್ರತೆಯ ಹೆಸರಿನಲ್ಲಿ ಕೆಲವು ಸರ್ಕಾರಿ ತಾಣಗಳು ಭಾರತದ ಹೊರಗಿನಿಂದ ಬರುವವರಿಗೆ ತೆರೆಯುವುದಿಲ್ಲ. ಡಲ್ಲಾಸ್‌ನಲ್ಲೋ ದುಬೈನಲ್ಲೋ ಕೂತು ಊರಿನ ಜಮೀನಿನ ದಾಖಲೆ ನೋಡಲು ಹೋದವರು ಸುತ್ತುತ್ತಲೇ ಇರುವ ಪುಟವನ್ನು ನೋಡಿ ತಾಣ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಗೂಗಲಿನ ಕ್ರಾಲರ್ ಕೂಡ ಹೆಚ್ಚಾಗಿ ಹೊರಡುವುದು ಅಮೆರಿಕದ ವಿಳಾಸಗಳಿಂದಲೇ. ಅಲ್ಲಿಂದ ತಡೆ ಇದೆ ಎಂದು ಗೊತ್ತಾದರೆ ಬೇರೆ ದೇಶದಿಂದ ಪ್ರಯತ್ನಿಸಬಹುದು ಎಂದು ಕಂಪನಿ ಹೇಳುತ್ತದೆ. ಪ್ರಯತ್ನಿಸಬಹುದು, ಅಷ್ಟೇ. ಇಂಥ ತಾಣ ಊರಿನಲ್ಲಿರುವ ಬಂಧುವಿನ ಫೋನಿನಲ್ಲಿ ತೆರೆಯುತ್ತದೆಯೇ ಎಂದು ಒಮ್ಮೆ ಕೇಳಿ ನೋಡುವುದೇ ಸರಿಯಾದ ಪರೀಕ್ಷೆ.

ಇನ್ನು ಯುನಿಕೋಡ್ ಕನ್ನಡದಲ್ಲೇ ಇರುವ, ಸೂಚಿಯಲ್ಲೂ ಇರುವ ಪುಟ ಹೊಂದಾಣಿಕೆಯಾಗದೆ ತಪ್ಪಿಹೋಗುವುದುಂಟು. ‘ಸಂಪಾದಕ’ ಮತ್ತು ‘ಸ೦ಪಾದಕ’ ಎಂಬ ಎರಡನ್ನೂ ನೋಡಿ. ಕಣ್ಣಿಗೆ ಎರಡೂ ಒಂದೇ. ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕೂತಿರುವುದು ಕನ್ನಡದ ಸೊನ್ನೆ. ಯುನಿಕೋಡ್‌ನಲ್ಲಿ ಅನುಸ್ವಾರದ ಸಂಖ್ಯೆ `U+0C82`, ಸೊನ್ನೆಯದು `U+0CE6`. ಬೆರಳಿಗೆ ಸುಲಭವಾಗಿ ಸಿಕ್ಕಿತೆಂದೋ ಪರಿವರ್ತಕದ ತಪ್ಪಿನಿಂದಲೋ ಸೊನ್ನೆ ಹಾಕಿದ ಪುಟಗಳು ಕನ್ನಡ ಜಾಲದಲ್ಲಿ ತುಂಬಾ ಇವೆ. ಸಿಗದಿದ್ದಾಗ ಸೊನ್ನೆ ಹಾಕಿ ಇನ್ನೊಮ್ಮೆ ಹುಡುಕುವುದು ಕೆಟ್ಟ ಉಪಾಯವಲ್ಲ. ಹಾಗೆಯೇ ‘ಸರ್ಕಾರ’ ಇದ್ದಲ್ಲಿ ‘ಸರಕಾರ’, ವಿಭಕ್ತಿ ಹತ್ತಿದ ಪದದ ಬದಲು ಬರಿಯ ಪದ ಹಾಕಿ ನೋಡಬೇಕು. ‘ಗ್ರಂಥಾಲಯದಲ್ಲಿನ’ ಎಂದು ಉದ್ಧರಣ ಚಿಹ್ನೆಯಲ್ಲಿ ಕೇಳಿದರೆ ‘ಗ್ರಂಥಾಲಯದ’ ಎಂದಿರುವ ಪುಟ ಬರುವುದಿಲ್ಲ.

ಈಗ ‘ಕೆರೆಯ ದಾರಿ’ಗೆ ಮರಳೋಣ. ತಾಣದ ವಿಳಾಸ ಗೊತ್ತಿದೆ, ಕತೆಯ ಪುಟದ ವಿಳಾಸ ಗೊತ್ತಿಲ್ಲ, ಮುಖಪುಟದಿಂದ ದಾರಿಯಿಲ್ಲ. ಇಲ್ಲಿ ಕೈಹಿಡಿಯುವುದು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್. 1996ರಿಂದ ಜಾಲದ ಪುಟಗಳ ಪ್ರತಿಗಳನ್ನು ಕಾಲಕಾಲಕ್ಕೆ ತೆಗೆದಿಡುತ್ತಿರುವ ಸಂಸ್ಥೆ ಅದು. ಹೆಚ್ಚಿನವರು ಅಲ್ಲಿಗೆ ಹೋಗಿ ಕತೆಯ ಹೆಸರನ್ನೇ ಟೈಪಿಸಿ, ಸಿಗಲಿಲ್ಲವೆಂದು ಹಿಂದಿರುಗುತ್ತಾರೆ. ಅದು ಒಳಗಿನ ಬರಹವನ್ನು ಹುಡುಕಿಕೊಡುವ ಜಾಗವಲ್ಲ, ವಿಳಾಸ ಕೊಟ್ಟರೆ ಪ್ರತಿ ತೆಗೆದುಕೊಡುವ ಜಾಗ. ಆ ತಾಣದಲ್ಲಿ ಅದು ಕಂಡ ಎಲ್ಲ ಪುಟಗಳ ಪಟ್ಟಿ ಬೇಕೆಂದರೆ ಬ್ರೌಸರಿನಲ್ಲಿ ಹೀಗೆ ಕೇಳಬೇಕು:

```
https://web.archive.org/web/*/example.org/*
```

ಎರಡು ನಕ್ಷತ್ರಗಳನ್ನೂ ಬಿಡಬಾರದು. ಮೊದಲನೆಯದು ಯಾವ ದಿನಾಂಕವಾದರೂ ಸರಿ ಎನ್ನುತ್ತದೆ, ಎರಡನೆಯದು ತಾಣದೊಳಗಿನ ಯಾವ ಪುಟವಾದರೂ ಸರಿ ಎನ್ನುತ್ತದೆ. ಬರುವ ಪಟ್ಟಿಯಲ್ಲಿ ಕಡತದ ಹೆಸರುಗಳಿರುತ್ತವೆ. ಅವು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ `kathe2.htm`, `sanchike7.htm` ಎಂಬಂತಿರುತ್ತವೆ. 2005–06ರಲ್ಲಿ ಹಿಡಿದ ಮುಖಪುಟದ ಪ್ರತಿಯನ್ನು ಮೊದಲು ತೆರೆದರೆ ಆಗಿನ ಪರಿವಿಡಿಯ ಕೊಂಡಿಗಳು ಹಾಗೇ ಇರುತ್ತವೆ. ಅಲ್ಲಿಂದ ಕತೆಗೆ ಒಂದೇ ಹೆಜ್ಜೆ.

ಕತೆ ತೆರೆಯಿತು, ಕಾಣುತ್ತಿರುವುದು ಮಾತ್ರ ಗೀಚು. ಹೆದರಬೇಕಿಲ್ಲ. ಆಗಿನ ಎಷ್ಟೋ ತಾಣಗಳು ಫಾಂಟನ್ನು ಪುಟದ ಜೊತೆಗೇ ಕಳಿಸುವ ಏರ್ಪಾಡು ಮಾಡಿದ್ದವು. ಆ ಏರ್ಪಾಡು ನಡೆಯುತ್ತಿದ್ದದ್ದು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಹೀಗಾಗಿ ಇಂದು ಆ ಪುಟಗಳು ಸರ್ಚ್ ಎಂಜಿನ್ನಿಗೆ ಕಂಡಂತೆಯೇ ಮನುಷ್ಯರಿಗೂ ಕಾಣುತ್ತವೆ. ಬರಹವನ್ನು ಪೂರ್ತಿ ಕಾಪಿ ಮಾಡಿ, ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದರೆ ಕನ್ನಡ ಮರಳಿ ಬರುತ್ತದೆ. ಇಂಥ ಪರಿವರ್ತಕಗಳು ನುಡಿ, ಬರಹ ತಂತ್ರಾಂಶಗಳ ಜೊತೆಗೂ ಬರುತ್ತವೆ, ಜಾಲದಲ್ಲೂ ಉಚಿತವಾಗಿವೆ. ಯಾವ ಫಾಂಟು ಎಂಬುದನ್ನು ಸರಿಯಾಗಿ ಆರಿಸಬೇಕು. ಶ್ರೀಲಿಪಿಯ ಬರಹವನ್ನು ನುಡಿ ಎಂದು ಹೇಳಿ ಬದಲಿಸಿದರೆ ಇನ್ನೊಂದು ಬಗೆಯ ಗೀಚು ಬರುತ್ತದೆ. ಕಾಪಿ ಮಾಡುವಾಗಲೇ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಬ್ರೌಸರು ಅಕ್ಷರ ಸಂಕೇತವನ್ನು ತಪ್ಪಾಗಿ ಊಹಿಸಿದೆ ಎಂದರ್ಥ. ಆ ಸ್ಥಿತಿಯಲ್ಲಿ ಬದಲಿಸಿ ಪ್ರಯೋಜನವಿಲ್ಲ. ಫೈರ್‌ಫಾಕ್ಸ್‌ನಲ್ಲಿರುವ `Repair Text Encoding` ಒತ್ತಿ, ಅಕ್ಷರ ಸರಿಹೋದ ಮೇಲೆ ಕಾಪಿ ಮಾಡಬೇಕು. ಸ್ಕ್ಯಾನ್ ಪುಟವಾದರೆ ದಾರಿ ಬೇರೆ. ಅದನ್ನು ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದಿಂದ ಕನ್ನಡ ಅಕ್ಷರ ಹೊರಬರುತ್ತದೆ, ಒತ್ತಕ್ಷರಗಳನ್ನು ಕೈಯಾರೆ ತಿದ್ದಿಕೊಳ್ಳಬೇಕಾಗುತ್ತದೆ.

ತಾಣದ ವಿಳಾಸವೇ ಗೊತ್ತಿಲ್ಲದಿದ್ದರೆ ಏನು ಮಾಡುವುದು? ಮೊದಲು ಇನ್ನೊಂದು ಸೂಚಿಯಲ್ಲಿ ನೋಡಿ. ಬಿಂಗ್‌ನ ಸೂಚಿ ಗೂಗಲಿನದಕ್ಕಿಂತ ಬೇರೆ. ಡಕ್‌ಡಕ್‌ಗೋ ಬಹುಪಾಲು ಬಿಂಗ್‌ನಿಂದಲೇ ಪಡೆಯುವುದರಿಂದ ಎರಡನ್ನೂ ನೋಡುವ ಅಗತ್ಯ ಕಡಿಮೆ. ಅಲ್ಲೂ ಇಲ್ಲವಾದರೆ ಯಂತ್ರವನ್ನು ಬಿಟ್ಟು ಮನುಷ್ಯರು ಬಿಟ್ಟುಹೋದ ಗುರುತುಗಳ ಕಡೆಗೆ ಹೊರಳಬೇಕು. ಪತ್ರಿಕೆಯ ಅಚ್ಚಿನ ಪ್ರತಿ ಯಾವುದಾದರೂ ಗ್ರಂಥಾಲಯದಲ್ಲಿದ್ದರೆ ಅದರ ಒಳರಕ್ಷಾಪುಟದಲ್ಲಿ, ಸಂಪಾದಕ ಮಂಡಳಿಯ ಹೆಸರಿನ ಕೆಳಗೆ ವಿಳಾಸ ಇರುತ್ತದೆ. ಆ ಕಾಲದ ಕನ್ನಡ ಬ್ಲಾಗುಗಳು ಬದಿಯಲ್ಲಿ ಮೆಚ್ಚಿನ ತಾಣಗಳ ಪಟ್ಟಿ ಇಟ್ಟುಕೊಳ್ಳುತ್ತಿದ್ದವು. ಬದುಕಿರುವ ಬ್ಲಾಗಿನಲ್ಲೋ ವೇಬ್ಯಾಕ್‌ನ ಪ್ರತಿಯಲ್ಲೋ ಅಂಥ ಒಂದು ಪಟ್ಟಿ ಸಿಕ್ಕರೆ ಅದರಿಂದ ಹತ್ತಾರು ತಾಣಗಳಿಗೆ ದಾರಿ ಸಿಗುತ್ತದೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಆ ಸಾಹಿತಿಯ ಅಥವಾ ಆ ಊರಿನ ಲೇಖನದ ಕೊನೆಯಲ್ಲಿರುವ ಉಲ್ಲೇಖಗಳನ್ನೂ, ಲೇಖನದ ಹಳೆಯ ಆವೃತ್ತಿಗಳಲ್ಲಿದ್ದು ಆಮೇಲೆ ತೆಗೆದುಹಾಕಿದ ಕೊಂಡಿಗಳನ್ನೂ ನೋಡಬೇಕು. ಒಂದು ಡೊಮೇನಿಗೆ ಅಲ್ಲಿ ಎಲ್ಲೆಲ್ಲಿ ಕೊಂಡಿ ಇದೆ ಎಂದು ತಿಳಿಯಲು `Special:LinkSearch` ಎಂಬ ಪುಟವೇ ಇದೆ.

ಮನುಷ್ಯರು ಮಾಡಿದ ಸೂಚಿ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಉದಾಹರಣೆ ಇದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಸಾವಿರಾರು ಕನ್ನಡ ಪುಸ್ತಕಗಳ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿ, ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದು ಗುರುತೇ ಸಿಗದಂತಾಗಿದ್ದವು. ಪುಸ್ತಕ ಇದ್ದೂ ಹುಡುಕಿದರೆ ಸಿಗುತ್ತಿರಲಿಲ್ಲ. ಸಂಚಯ ತಂಡ ಸ್ವಯಂಸೇವಕರಿಂದ ಆ ಹೆಸರುಗಳನ್ನು ಕನ್ನಡಕ್ಕೆ ತರಿಸಿ ‘ಪುಸ್ತಕ ಸಂಚಯ’ ಎಂಬ ಸೂಚಿ ಮಾಡಿತು. ಮುಂದೆ ಆ ಲೈಬ್ರರಿಯ ತಾಣವೇ ನಿಂತಿತು. ಅದರ ಪುಸ್ತಕಗಳ ದೊಡ್ಡ ಪಾಲು ಇಂಟರ್‌ನೆಟ್ ಆರ್ಕೈವ್‌ನಲ್ಲಿ `in.ernet.dli` ಎಂದು ಶುರುವಾಗುವ ಗುರುತಿನಡಿ ಇನ್ನೂ ಉಳಿದಿದೆ.

ಇಷ್ಟೆಲ್ಲ ದಾರಿ ಇರುವಾಗ ಎಚ್ಚರಿಕೆ ಯಾಕೆ ಎಂದು ಕೇಳಬಹುದು. ದಾರಿಗಳು ಒಂದೊಂದೇ ಮುಚ್ಚುತ್ತಿವೆ, ಅದಕ್ಕೆ. 2024ರವರೆಗೆ ಗೂಗಲಿನ ಫಲಿತಾಂಶದ ಪಕ್ಕದಲ್ಲೇ ಪುಟದ ಉಳಿಸಿದ ಪ್ರತಿ ಸಿಗುತ್ತಿತ್ತು. ತಾಣ ಕೆಟ್ಟು ನಿಂತರೂ ಕೆಲವು ದಿನ ಅದನ್ನು ಓದಬಹುದಿತ್ತು. ಆ ವರ್ಷ ಅದನ್ನು ತೆಗೆದರು. ಅದರ ಬದಲಿಗೆ ಫಲಿತಾಂಶದ ಮೂರು ಚುಕ್ಕೆಯ ಪಟ್ಟಿಯೊಳಗಿಂದ ವೇಬ್ಯಾಕ್‌ಗೆ ಕೊಂಡಿ ಕೊಟ್ಟರು. ಫಲಿತಾಂಶದಲ್ಲಿ ಬರುವ ಪುಟಕ್ಕೆ ಮಾತ್ರ ಆ ಕೊಂಡಿ. ನಾವು ಮಾತಾಡುತ್ತಿರುವ ಪುಟಗಳು ಅಲ್ಲಿಗೆ ಬರುವುದೇ ಇಲ್ಲ. ಅದೇ ವರ್ಷದ ಜುಲೈಯಿಂದ ಗೂಗಲ್ ತಾಣಗಳನ್ನು ಮೊಬೈಲ್ ಫೋನಿನ ಕಣ್ಣಿನಿಂದಷ್ಟೇ ಓದುವ ಪದ್ಧತಿಗೆ ಪೂರ್ತಿ ಬಂತು. ಮೊಬೈಲಿನಲ್ಲಿ ತೆರೆಯುವುದೇ ಇಲ್ಲ ಎನ್ನುವ ತಾಣಕ್ಕೆ ಸೂಚಿಯಲ್ಲಿ ಜಾಗವಿಲ್ಲ ಎಂದು ಹೇಳಿಯೇ ಬಂತು. ವೇಬ್ಯಾಕ್ ಕೂಡ ಸರ್ವಸ್ವವಲ್ಲ. ಅದು ಹಿಡಿದದ್ದು ತನಗೆ ಕೊಂಡಿ ಸಿಕ್ಕ ಪುಟಗಳನ್ನು ಮಾತ್ರ. ತಾಣದೊಳಗಿನ ಹುಡುಕು ಪೆಟ್ಟಿಗೆಯಿಂದ ತೆರೆಯುತ್ತಿದ್ದ ಪುಟಗಳು, ಲಾಗಿನ್ ಕೇಳುತ್ತಿದ್ದ ಪುಟಗಳು ಅಲ್ಲಿರುವುದು ಅಪರೂಪ.

ಇದಕ್ಕಿಂತ ಕೆಟ್ಟದ್ದು ಡೊಮೇನ್ ಕೈತಪ್ಪಿದಾಗ ನಡೆಯುತ್ತದೆ. `.com`, `.org` ಹೆಸರುಗಳ ಅವಧಿ ಮುಗಿದ ಮೇಲೆ ನೋಂದಣಿ ಕಂಪನಿ ಹೆಚ್ಚೆಂದರೆ 45 ದಿನ ಕಾಯಬಹುದು. ಎಷ್ಟು ದಿನ ಎಂಬುದು ಕಂಪನಿಯ ಇಷ್ಟ, ಅಷ್ಟರೊಳಗೇ ಬೇರೆಯವರಿಗೆ ಹರಾಜು ಹಾಕುವವರೂ ಇದ್ದಾರೆ. ಅದಾದ ಮೇಲೆ 30 ದಿನ ದುಬಾರಿ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ. ಕೊನೆಗೆ 5 ದಿನ ಯಾರೂ ಮುಟ್ಟುವಂತಿಲ್ಲ. ನಂತರ ಯಾರು ಬೇಕಾದರೂ ಕೊಳ್ಳಬಹುದು. ಹಳೆಯ ಹೆಸರುಗಳಿಗೆ ವಿಕಿಪೀಡಿಯದಿಂದ, ಬ್ಲಾಗುಗಳಿಂದ ಕೊಂಡಿಗಳಿರುತ್ತವೆ. ಆ ಕೊಂಡಿಗಳ ಬೆಲೆಗಾಗಿಯೇ ಅವನ್ನು ಕೊಳ್ಳುವವರು ಕಾದಿರುತ್ತಾರೆ. ನಿನ್ನೆಯವರೆಗೆ ಕತೆ, ಕವಿತೆ ಇದ್ದ ವಿಳಾಸದಲ್ಲಿ ಇಂದು ಜೂಜಿನ ಜಾಹೀರಾತು ಇರುತ್ತದೆ. ಹಳೆಯ ಕೊಂಡಿ ಒತ್ತಿದಾಗ ಅಪರಿಚಿತ ಪುಟ ಬಂದು ಫೋನ್ ನಂಬರನ್ನೋ ಹಣವನ್ನೋ ಕೇಳಿದರೆ ಅಲ್ಲಿಂದ ಹೊರಬಂದು, ಅದೇ ವಿಳಾಸವನ್ನು ವೇಬ್ಯಾಕ್‌ನಲ್ಲಿ ಹಾಕಿ ಮೊದಲು ಏನಿತ್ತು ಎಂದು ನೋಡಿ.

ಸಣ್ಣ ಪತ್ರಿಕೆ, ಸಂಘ, ಕೂಟ ನಡೆಸುತ್ತಿರುವವರಲ್ಲಿ, ನಡೆಸಿದವರ ಮಕ್ಕಳಲ್ಲಿ ನಮ್ಮ ಕೋರಿಕೆ ಇಷ್ಟು. ಡೊಮೇನ್ ಯಾರ ಇಮೇಲಿನಲ್ಲಿ ನೋಂದಣಿಯಾಗಿದೆ, ಎಂದು ಮುಗಿಯುತ್ತದೆ ಎಂಬುದನ್ನು ಈ ವಾರವೇ ಪತ್ತೆಮಾಡಿ, ಇನ್ನೊಬ್ಬರಿಗೂ ತಿಳಿಸಿಡಿ. ಹಳೆಯ ಸಂಚಿಕೆಗಳ ಪಟ್ಟಿಯೊಂದನ್ನು ಯುನಿಕೋಡ್ ಕನ್ನಡದಲ್ಲಿ ಬರೆದು, ಪ್ರತಿ ಕತೆ, ಲೇಖನದ ಹೆಸರಿಗೂ ಅದರ ಪುಟದ ಕೊಂಡಿ ಕೊಟ್ಟು ಮುಖಪುಟದಲ್ಲಿ ಇಡಿ. ಎಲ್ಲ ಬರಹವನ್ನು ಬದಲಿಸಲು ಆಗದಿದ್ದರೂ ಈ ಒಂದು ಪಟ್ಟಿಯಿಂದ ಪ್ರತಿ ಹೆಸರೂ ಹುಡುಕಾಟಕ್ಕೆ ಸಿಗುವ ಹಾಗಾಗುತ್ತದೆ. `noindex` ಇದೆಯೇ ನೋಡಿ, ಇದ್ದರೆ ತೆಗೆಯಿರಿ. ಓದುಗರಿಗೂ ಒಂದು ಕೆಲಸವಿದೆ. ನಿಮಗೆ ಬೇಕಾದ ಹಳೆಯ ಕನ್ನಡ ಪುಟ ಇನ್ನೂ ತೆರೆಯುತ್ತಿದ್ದರೆ ಅದರ ವಿಳಾಸವನ್ನು `web.archive.org/save` ಎಂಬಲ್ಲಿ ಹಾಕಿ ಗುಂಡಿ ಒತ್ತಿ. ಅದಕ್ಕೆ ಯಾರ ಅನುಮತಿಯೂ ಬೇಡ, ದುಡ್ಡೂ ಬೇಡ. ಆದರೆ ಪುಟ ತೆರೆಯುವುದು ನಿಂತ ಮೇಲೆ ಆ ಗುಂಡಿಯಿಂದ ಏನೂ ಆಗುವುದಿಲ್ಲ.